ಗಂತಿನಲ್ಲೇ ಒತ್ತಿ ಹಿಡಿದರೆ ಮಂಜೊಟ್ಟಿಗೆ ಬಫರ್ ಉಳಿಯುವುದಿಲ್ಲ

ಪ್ರಶ್ನೆ: ಸರ್, ನನ್ನದು ಸೋನಿ ಎ7 ಮಾರ್ಕ್ 3, ಜೊತೆಗೆ 70-200 ಲೆನ್ಸ್. ಕಂಬಳದ ಫೋಟೊ ತೆಗೆಯುತ್ತೇನೆ. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಬಿಟ್ಟ ಕೂಡಲೇ ಒತ್ತಿ ಹಿಡಿದರೆ ನಾಲ್ಕು ಸೆಕೆಂಡಿಗೇ ಬಫರ್ ಫುಲ್. ಆಮೇಲೆ ಟಕ್… ಟಕ್… ಅಂತ ಒಂದೊಂದೇ. ಓಟ ಮುಗಿಯುವ ತುದಿ, ಅಂದರೆ ಮಂಜೊಟ್ಟಿ ಮುಟ್ಟುವ ಫ್ರೇಮ್ ಸಿಗುವುದೇ ಇಲ್ಲ. ಕೆಂಪು ದೀಪ ಹತ್ತಿರ ಹತ್ತಿರ ಒಂದು ನಿಮಿಷ ಉರಿಯುತ್ತದೆ. ಹೊಸ V60 ಕಾರ್ಡ್ ತಂದು ಮೊದಲನೇ ಸ್ಲಾಟ್‌ಗೆ ಹಾಕಿದೆ, ಏನೂ ಬದಲಾಗಲಿಲ್ಲ. ಎರಡನೇ ಸ್ಲಾಟ್‌ನಲ್ಲಿ ಬ್ಯಾಕಪ್‌ಗೆ ಅಂತ ಹಳೇ ಕಾರ್ಡ್ ಇದೆ. ರಾ, ಜೆಪೆಗ್ ಎರಡೂ ತೆಗೆಯುತ್ತೇನೆ, ರಾ ಅನ್‌ಕಂಪ್ರೆಸ್ಡ್. V90 ಕಾರ್ಡ್ ತಗೊಳ್ಳಲಾ?

ಉತ್ತರ: ಬೇಡ, ಸದ್ಯಕ್ಕೆ ದುಡ್ಡು ಜೇಬಲ್ಲೇ ಇರಲಿ. ನಿಮ್ಮ ಹೊಸ ಕಾರ್ಡ್‌ನಲ್ಲಿ ತಪ್ಪೇನಿಲ್ಲ. ಅದು ಪಕ್ಕದ ಸ್ಲಾಟ್‌ನ ಹಳೇ ಕಾರ್ಡ್‌ಗೆ ಕಾಯುತ್ತಾ ಕೂತಿದೆ, ಅಷ್ಟೇ. ಅದು ಗೊತ್ತಾಗಿದ್ದು ನಿಮ್ಮ ಕೆಂಪು ದೀಪದಿಂದ. ಹೇಗೆ ಅಂತ ಹೇಳುತ್ತೇನೆ.

ಅಡಿಕೆ ಸುಲಿಯುವ ಅಂಗಳ ನೆನಪಿಸಿಕೊಳ್ಳಿ. ಒಬ್ಬ ಬುಟ್ಟಿಗಟ್ಟಲೆ ಅಡಿಕೆ ತಂದು ಸುರಿಯುತ್ತಾನೆ, ಸುಲಿಯುವವರು ತಮ್ಮ ಪಾಡಿಗೆ ಸುಲಿಯುತ್ತಾರೆ. ತರುವವನ ಕೈ ಜೋರು, ಸುಲಿಯುವವರ ಕೈ ನಿಧಾನ. ಹಾಗಾಗಿ ಅಂಗಳದಲ್ಲಿ ರಾಶಿ ಬೆಳೆಯುತ್ತದೆ. ಅಂಗಳ ತುಂಬಿತು ಅಂದರೆ ತರುವವನು ಬುಟ್ಟಿ ಹಿಡಿದು ನಿಂತಿರಬೇಕು, ಎಷ್ಟು ಜಾಗ ಖಾಲಿಯಾಯಿತೋ ಅಷ್ಟೇ ಸುರಿಯಬೇಕು. ಬಫರ್ ಅಂದರೆ ಆ ಅಂಗಳ. ಸೆನ್ಸರ್ ತಂದು ಸುರಿಯುವವನು, ಕಾರ್ಡ್ ಸುಲಿಯುವವನು. ಬರ್ಸ್ಟ್‌ನ ಮೊದಲ ಕೆಲವು ಸೆಕೆಂಡು ಅಂಗಳದಲ್ಲಿ ಜಾಗ ಇರುತ್ತದೆ, ಕ್ಯಾಮೆರಾ ಸೆಕೆಂಡಿಗೆ 10 ಫ್ರೇಮ್ ಹೊಡೆಯುತ್ತದೆ. ಆಮೇಲೆ ಕೇಳಿಸುವ ಆ ಟಕ್… ಟಕ್… ಶಬ್ದ ಕ್ಯಾಮೆರಾದ ವೇಗ ಅಲ್ಲ, ಕಾರ್ಡ್‌ನ ವೇಗ.

ಈಗ ನಿಮ್ಮ ಲೆಕ್ಕ ಮಾಡೋಣ. ನಿಮ್ಮದು 24 ಮೆಗಾಪಿಕ್ಸೆಲ್ ಕ್ಯಾಮೆರಾ. ಅನ್‌ಕಂಪ್ರೆಸ್ಡ್ ರಾ ಫೈಲ್ ಒಂದಕ್ಕೆ ಸುಮಾರು 47 ಎಂಬಿ. ಜೊತೆಗಿರುವ ಜೆಪೆಗ್‌ಗೆ 10 ಎಂಬಿ ಹಿಡಿಯೋಣ. ಅಲ್ಲಿಗೆ ಒಂದು ಸಲ ಶಟರ್ ಬಿದ್ದರೆ 57 ಎಂಬಿ. ನಾಲ್ಕು ಸೆಕೆಂಡಿಗೆ ಸ್ವಲ್ಪ ಕಮ್ಮಿ, ಅಂದರೆ 36 ಫ್ರೇಮ್ ಬಂತು ಅಂತಿಟ್ಟುಕೊಳ್ಳಿ. ಒಟ್ಟು 2,000 ಎಂಬಿ ಮೇಲಾಯಿತು. ಇಷ್ಟನ್ನು ಬರೆದು ಮುಗಿಸಲು ದೀಪ 55 ಸೆಕೆಂಡ್ ಉರಿಯಿತು ಅಂದರೆ, ಭಾಗಿಸಿ ನೋಡಿ: ಸೆಕೆಂಡಿಗೆ 37 ಎಂಬಿ.

ಸರಿಯಾಗಿ ಕೆಲಸ ಮಾಡುವ V60 ಕಾರ್ಡ್ ಇಷ್ಟು ನಿಧಾನ ಇರುವುದಿಲ್ಲ. ಆ 60 ಅನ್ನುವ ಅಂಕಿಯೇ ಸೆಕೆಂಡಿಗೆ ಕನಿಷ್ಠ ಎಷ್ಟು ಎಂಬಿ ಬರೆಯುತ್ತದೆ ಅನ್ನುವುದರ ಖಾತ್ರಿ. ಅದು ವಿಡಿಯೊಗಾಗಿ ಮಾಡಿದ ದರ್ಜೆ, ಆದರೂ ನಮ್ಮ ಅಂದಾಜಿಗೆ ಸಾಕು. ಹಾಗಾದರೆ 37 ಎಲ್ಲಿಂದ ಬಂತು? ನಿಮ್ಮ ಹಳೇ ಕಾರ್ಡ್‌ನಿಂದ. ಟಕ್ ಶಬ್ದದ ಲೆಕ್ಕವೂ ಇದಕ್ಕೆ ಕೂಡಿ ಬರುತ್ತದೆ. ಸೆಕೆಂಡಿಗೆ 37 ಎಂಬಿ ಹೊರಗೆ ಹೋಗುತ್ತಿದ್ದರೆ, 57 ಎಂಬಿಯ ಒಂದು ಫ್ರೇಮ್‌ಗೆ ಜಾಗ ಆಗಲು ಒಂದೂವರೆ ಸೆಕೆಂಡ್ ಬೇಕು. ಮುಂದಿನ ಸಲ ಎಣಿಸಿ ನೋಡಿ, ಎರಡು ಟಕ್‌ಗಳ ನಡುವೆ ಅಷ್ಟೇ ಹೊತ್ತು ಇರುತ್ತದೆ.

ಬ್ಯಾಕಪ್‌ಗೆ ಅಂತ ನೀವು `Simult.` ಇಟ್ಟಿದ್ದೀರಿ. ಅಂದರೆ ಪ್ರತಿ ಫ್ರೇಮ್ ಎರಡೂ ಕಾರ್ಡ್‌ಗೆ ಹೋಗಬೇಕು. ವೇಗದ ಕಾರ್ಡ್ ಬರೆದು ಮುಗಿಸಿದ ಮಾತ್ರಕ್ಕೆ ಆ ಫ್ರೇಮ್ ಬಫರ್‌ನಿಂದ ಹೋಗುವುದಿಲ್ಲ, ನಿಧಾನದ ಕಾರ್ಡ್ ಕೂಡ ಮುಗಿಸುವವರೆಗೆ ಅಲ್ಲೇ ಇರುತ್ತದೆ. ಇಬ್ಬರು ಜೊತೆಯಲ್ಲಿ ನಡೆದರೆ ಕುಂಟುವವನ ನಡಿಗೆಯೇ ಇಬ್ಬರದೂ, ಅಲ್ವಾ? ನೀವು ಮೊದಲನೇ ಸ್ಲಾಟ್‌ಗೆ ಜಗತ್ತಿನ ಅತಿ ದುಬಾರಿ ಕಾರ್ಡ್ ಹಾಕಿದರೂ ದೀಪ ಅದೇ ಒಂದು ನಿಮಿಷ ಉರಿಯುತ್ತದೆ.

ಇದರ ಮೇಲೆ ಇನ್ನೊಂದು ಸಂಗತಿ. ನಿಮ್ಮ ಕ್ಯಾಮೆರಾದಲ್ಲಿ ಎರಡು ಸ್ಲಾಟ್‌ಗಳೂ ಒಂದೇ ಅಲ್ಲ. ಸ್ಲಾಟ್ 1 ಮಾತ್ರ ಯುಎಚ್‌ಎಸ್-2. ಸ್ಲಾಟ್ 2 ಯುಎಚ್‌ಎಸ್-1. ಯುಎಚ್‌ಎಸ್-2 ಕಾರ್ಡ್ ತಿರುಗಿಸಿ ನೋಡಿದರೆ ಹಿಂದೆ ಚಿನ್ನದ ಬಣ್ಣದ ಪಟ್ಟಿಗಳು ಎರಡು ಸಾಲು ಇರುತ್ತವೆ. ಎರಡನೇ ಸಾಲಿನಿಂದಲೇ ಅದರ ಹೆಚ್ಚಿನ ವೇಗ. ಸ್ಲಾಟ್ 2ರೊಳಗೆ ಆ ಸಾಲನ್ನು ಮುಟ್ಟುವ ಪಿನ್‌ಗಳೇ ಇಲ್ಲ. ಯುಎಚ್‌ಎಸ್-1 ದಾರಿಯಲ್ಲಿ ಕಾಗದದ ಮೇಲಿನ ಮಿತಿಯೇ ಸೆಕೆಂಡಿಗೆ 104 ಎಂಬಿ, ಕ್ಯಾಮೆರಾದೊಳಗೆ ಅದಕ್ಕಿಂತ ಕಮ್ಮಿಯೇ ಸಿಗುತ್ತದೆ. ಹಾಗಾಗಿ V90 ತಂದು ಸ್ಲಾಟ್ 2ಕ್ಕೆ ಹಾಕಿದರೆ ಅದು ಸಾಮಾನ್ಯ ಕಾರ್ಡ್ ಥರವೇ ಓಡುತ್ತದೆ. ಎರಡು V90 ಕೊಂಡು ಎರಡೂ ಸ್ಲಾಟ್‌ಗೆ ಹಾಕಿ, ಆಮೇಲೆ ತಲೆ ಕೆರೆದುಕೊಂಡವರನ್ನು ನೋಡಿದ್ದೇನೆ.

ಹಾಗಾದರೆ ಏನು ಮಾಡುವುದು? ಮೊದಲು ಕಾರ್ಡ್ ವಿಷಯ ಬಿಡಿ, ಫೈಲ್ ವಿಷಯಕ್ಕೆ ಬನ್ನಿ. ಅಂಗಳ ಎಷ್ಟು ಬೇಗ ತುಂಬುತ್ತದೆ ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಫೈಲ್. ಎಷ್ಟು ಬೇಗ ಖಾಲಿಯಾಗುತ್ತದೆ ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಕಾರ್ಡ್. ಇವೆರಡನ್ನೂ ಒಂದೇ ಅಂದುಕೊಂಡಾಗಲೇ ದುಡ್ಡು ಪೋಲಾಗುವುದು.

ನಿಮ್ಮ ಕ್ಯಾಮೆರಾಗೆ ತಯಾರಕರೇ ಕೊಟ್ಟಿರುವ ಲೆಕ್ಕ ಹೀಗಿದೆ: ಒಂದೇ ಉಸಿರಿನಲ್ಲಿ ಅನ್‌ಕಂಪ್ರೆಸ್ಡ್ ರಾ 40 ಫ್ರೇಮ್, ಕಂಪ್ರೆಸ್ಡ್ ರಾ 89 ಫ್ರೇಮ್, ಜೆಪೆಗ್ ಆದರೆ ಗರಿಷ್ಠ 177. ನಾಲ್ಕು ಸೆಕೆಂಡ್ ಇದ್ದದ್ದು ಕಂಪ್ರೆಸ್ಡ್‌ಗೆ ಹೋದರೆ ಒಂಬತ್ತು ಸೆಕೆಂಡ್ ಆಗುತ್ತದೆ. ಒಂದು ರೂಪಾಯಿ ಖರ್ಚಿಲ್ಲ, ಮೆನುವಿನಲ್ಲಿ ಒಂದು ಸಾಲು ಬದಲಾಯಿಸಿದರೆ ಆಯಿತು. ಕಂಪ್ರೆಸ್ಡ್ ಫೈಲ್ ಸುಮಾರು 24 ಎಂಬಿ, ಅನ್‌ಕಂಪ್ರೆಸ್ಡ್‌ನ ಅರ್ಧ.

'ಕಂಪ್ರೆಸ್ಡ್ ಅಂದರೆ ಕ್ವಾಲಿಟಿ ಹೋಗುತ್ತದಲ್ಲ' ಅಂತ ನಿಮ್ಮ ಮನಸ್ಸಿನಲ್ಲಿ ಬಂದಿರಬಹುದು. ಸ್ವಲ್ಪ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಮಾಡೆಲ್‌ನ ಕಂಪ್ರೆಸ್ಡ್ ರಾ ಒಂದಷ್ಟು ಮಾಹಿತಿ ಕಳೆದುಕೊಂಡೇ ಚಿಕ್ಕದಾಗುವಂಥದ್ದು. ಏನೂ ಕಳೆಯದೆ ಕುಗ್ಗಿಸುವ ಲಾಸ್‌ಲೆಸ್ ಆಯ್ಕೆ ಇದರಲ್ಲಿಲ್ಲ. ಸಾಲದ್ದಕ್ಕೆ ಕಂಪ್ರೆಸ್ಡ್ ಇಟ್ಟು ಬರ್ಸ್ಟ್ ಹೊಡೆದರೆ ಕ್ಯಾಮೆರಾ 14 ಬಿಟ್‌ನಿಂದ 12 ಬಿಟ್‌ಗೆ ಇಳಿಯುತ್ತದೆ. ಆದರೆ ಇದು ಎಲ್ಲಿ ಕಾಣುತ್ತದೆ ಅಂತ ನೋಡಿ. ಕಪ್ಪು ಆಕಾಶಕ್ಕೆ ತಾಗಿದ ಪ್ರಖರ ದೀಪದ ಅಂಚು, ಎಡಿಟ್ ಮಾಡುವಾಗ ಮೂರು ನಾಲ್ಕು ಸ್ಟಾಪ್ ಎತ್ತಿದ ನೆರಳು, ಇಂಥ ಕಡೆ ಹುಡುಕಿದರೆ ಕಾಣುತ್ತದೆ. ಕೋಣದ ಮೈಮೇಲಿನ ಕೆಸರು ನೀರಿನಲ್ಲಿ ನನಗಂತೂ ಯಾವತ್ತೂ ಕಂಡಿಲ್ಲ. ರಾತ್ರಿ ಹೊನಲು ಬೆಳಕಿನಲ್ಲಿ ಐಎಸ್‌ಒ 6400ರ ಆಸುಪಾಸಿನಲ್ಲಿ ತೆಗೆಯುವಾಗ 12 ಬಿಟ್, 14 ಬಿಟ್ ವ್ಯತ್ಯಾಸವನ್ನು ನಾಯ್ಸ್ ಚುಕ್ಕೆಗಳೇ ನುಂಗಿಬಿಡುತ್ತವೆ. ಸಿಗದೇ ಹೋದ 14 ಬಿಟ್ ಫ್ರೇಮ್‌ಗಿಂತ ಸಿಕ್ಕಿದ 12 ಬಿಟ್ ಫ್ರೇಮ್ ಮೇಲು. ಇದು ನನ್ನ ಲೆಕ್ಕ. ಲ್ಯಾಂಡ್‌ಸ್ಕೇಪ್ ತೆಗೆಯುವ ದಿನ ಬೇಕಾದರೆ ವಾಪಸ್ ಅನ್‌ಕಂಪ್ರೆಸ್ಡ್‌ಗೆ ಹೋಗಿ.

ರಾ ಜೊತೆಗಿನ ಜೆಪೆಗ್ ಯಾಕೆ ಬೇಕು ಅಂತಲೂ ಒಮ್ಮೆ ಯೋಚಿಸಿ. ಪತ್ರಿಕೆಗೆ ಅಲ್ಲಿಂದಲೇ ಕಳಿಸಬೇಕಿದ್ದರೆ ಸರಿ. ಇಲ್ಲದಿದ್ದರೆ ಅದು ಬಫರ್‌ಗೆ ಸುಮ್ನೆ ಹೊರೆ. ಕಳಿಸುವುದೇ ಮುಖ್ಯ ಆದರೆ ಬರೀ ಜೆಪೆಗ್ ತೆಗೆಯಿರಿ, ಎಷ್ಟೋ ಕ್ರೀಡಾ ಫೋಟೊಗ್ರಾಫರ್‌ಗಳು ಹಾಗೇ ಮಾಡುತ್ತಾರೆ. ಜೆಪೆಗ್‌ನಲ್ಲಿ ಒಂದು ತಮಾಷೆ ಇದೆ. ಅದರ ಗಾತ್ರ ಒಂದೇ ಇರುವುದಿಲ್ಲ. ಬರೀ ಆಕಾಶ ತೆಗೆದರೆ ಚಿಕ್ಕದು. ಕೆನೆಹಲಗೆ ಓಟದಲ್ಲಿ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆ ಬಟ್ಟೆಗೆ ಚಿಮ್ಮುವಾಗ ಫ್ರೇಮ್ ತುಂಬ ಹನಿಗಳು, ಆಗ ಅದೇ ಜೆಪೆಗ್ ಜಾಸ್ತಿ ದಪ್ಪ. ರಾತ್ರಿ ಐಎಸ್‌ಒ ಏರಿಸಿದರೆ ನಾಯ್ಸ್ ಚುಕ್ಕೆಗಳೂ ವಿವರಗಳೇ ಅಂತ ಅದು ತಿಳಿದುಕೊಳ್ಳುತ್ತದೆ, ಇನ್ನೂ ದಪ್ಪ. ಬೆಳಿಗ್ಗೆ ಚೆನ್ನಾಗಿ ಓಡಿದ ಬಫರ್ ರಾತ್ರಿ ಬೇಗ ತುಂಬಿದರೆ ಕಾರ್ಡ್ ಹಾಳಾಯಿತು ಅಂದುಕೊಳ್ಳಬೇಡಿ. ಇನ್ನೊಂದು ಮಾತು, ಜೆಪೆಗ್ ಮಾಡಲು ಕ್ಯಾಮೆರಾದ ಪ್ರೊಸೆಸರ್‌ಗೂ ಹೊತ್ತು ಬೇಕು. ಕಾರ್ಡ್ ಎಷ್ಟೇ ಚುರುಕಾಗಿದ್ದರೂ ಆ ಕೆಲಸ ಮುಗಿಯುವವರೆಗೆ ಫ್ರೇಮ್ ಬಫರ್‌ನಲ್ಲೇ ಇರುತ್ತದೆ.

ಇಷ್ಟಾದರೂ ಗಂತಿನಿಂದಲೇ ಒತ್ತಿ ಹಿಡಿದರೆ ಸಾಲುವುದಿಲ್ಲ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13 ಸೆಕೆಂಡ್ ಚಿಲ್ಲರೆಯಲ್ಲಿ ಓಡಿದರು. ಅಷ್ಟು ವೇಗದ ಓಟವೇ 13 ಸೆಕೆಂಡ್ ಮೇಲೆ, ಉಳಿದವು ಇನ್ನೂ ಜಾಸ್ತಿ. ನಿಮ್ಮ ಬಫರ್ ಒಂಬತ್ತು ಸೆಕೆಂಡ್. ಆದರೆ ಆ ವೇಗವನ್ನು ಇನ್ನೊಂದು ಕಡೆಯಿಂದ ನೋಡಿ. ಸೆಕೆಂಡಿಗೆ ಹತ್ತು ಮೀಟರ್ ಮೇಲಾಯಿತು. ನೀವು ಮಂಜೊಟ್ಟಿ ಕಡೆ ನಿಂತಿದ್ದರೆ 200 ಎಂಎಂನಲ್ಲಿ ಕೋಣಗಳು ಫ್ರೇಮ್ ತುಂಬುವುದು ಕೊನೆಯ 40 ಮೀಟರಿನಲ್ಲಿ. ಅದು ನಾಲ್ಕು ಸೆಕೆಂಡಿನ ಮಾತು. ಅಂದರೆ ನಿಮಗೆ ಬೇಕಾದದ್ದು 40 ಫ್ರೇಮ್. ನಿಮ್ಮ ಈಗಿನ ಸೆಟ್ಟಿಂಗ್‌ನಲ್ಲೂ ಹೆಚ್ಚುಕಮ್ಮಿ ಅಷ್ಟು ಜಾಗ ಇತ್ತು! ಗಂತಿನ ಹತ್ತಿರದ, ಇರುವೆಯಷ್ಟು ಕಾಣುವ ಕೋಣಗಳ ಫೋಟೊಗೆ ಅದೆಲ್ಲಾ ಖರ್ಚಾಯಿತು.

'ಬಿಡುವಾಗಿನ ಫೋಟೊ ಕೂಡ ಬೇಕು' ಅಂತೀರಾ? ಸರಿ. ಕಾರ್ಡ್ ವೇಗಕ್ಕೆ ನಿಜವಾಗಿ ಬೆಲೆ ಬರುವುದು ಇಲ್ಲೇ. ಬಿಟ್ಟ ಕೂಡಲೇ ಒಂದೂವರೆ ಸೆಕೆಂಡ್ ಒತ್ತಿ, ಬೆರಳು ಎತ್ತಿ. 15 ಫ್ರೇಮ್ ಆಯಿತು. ಕೊನೆಯ 40 ಮೀಟರ್ ಬರಲು ಇನ್ನೂ ಎಂಟು ಸೆಕೆಂಡ್ ಇದೆ. ಆ ಎಂಟು ಸೆಕೆಂಡಿನಲ್ಲಿ ಏನಾಗುತ್ತದೆ?

ನಿಮ್ಮ ಹಳೇ ಸೆಟ್ಟಿಂಗ್‌ನಲ್ಲಿ ಆ 15 ಫ್ರೇಮ್ ಅಂದರೆ 855 ಎಂಬಿ. ಸೆಕೆಂಡಿಗೆ 37ರಂತೆ ಎಂಟು ಸೆಕೆಂಡಿಗೆ ಹೊರಗೆ ಹೋಗುವುದು 300 ಎಂಬಿ ಸುಮಾರು, ಅಂದರೆ ಐದು ಫ್ರೇಮ್. ಹತ್ತು ಫ್ರೇಮ್ ಇನ್ನೂ ಒಳಗೇ ಇವೆ. 36ರಲ್ಲಿ 26ಕ್ಕೆ ಮಾತ್ರ ಜಾಗ. ಎರಡೂವರೆ ಸೆಕೆಂಡಿಗೆ ಮುಗಿಯಿತು, ಮಂಜೊಟ್ಟಿಗೆ ಹದಿನೈದು ಮೀಟರ್ ಇರುವಾಗಲೇ ಟಕ್… ಟಕ್.

ಹೊಸ ಸೆಟ್ಟಿಂಗ್‌ನಲ್ಲಿ, ಕಂಪ್ರೆಸ್ಡ್ ರಾ ಮಾತ್ರ, ಸ್ಲಾಟ್ 1ಕ್ಕೆ ಮಾತ್ರ. 15 ಫ್ರೇಮ್ ಅಂದರೆ 360 ಎಂಬಿ. ನಿಮ್ಮ V60 ಕಾರ್ಡ್ ತನ್ನ ಖಾತ್ರಿಯ 60ರಲ್ಲೇ ಬರೆದರೂ ಆರು ಸೆಕೆಂಡಿಗೆ ಎಲ್ಲಾ ಖಾಲಿ. ಎರಡು ಸೆಕೆಂಡ್ ಮಿಕ್ಕಿತು. ಕೋಣಗಳು ಹತ್ತಿರ ಬರುವಾಗ ಪೂರ್ತಿ ಒಂಬತ್ತು ಸೆಕೆಂಡಿನ ಬಫರ್ ನಿಮ್ಮ ಕೈಯಲ್ಲಿ. ಓಟ ಮುಗಿದು ನೀರು ಚಿಮ್ಮಿ, ಓಟಗಾರ ಹಗ್ಗ ಬಿಟ್ಟು ಕೈ ಎತ್ತುವುದನ್ನೂ ತೆಗೆಯಬಹುದು.

ಬದಲಾಯಿಸುವುದು ಇಷ್ಟೇ: `RAW File Type` ಅನ್ನು `Compressed` ಮಾಡಿ. `File Format` ಅನ್ನು `RAW` ಮಾಡಿ. `Rec. Media Settings` ಒಳಗೆ ಹೋಗಿ `Simult.` ತೆಗೆದು `Standard` ಇಡಿ, ಆದ್ಯತೆಯ ಕಾರ್ಡ್ `Slot 1` ಇರಲಿ.

ಬ್ಯಾಕಪ್ ಹೋಯಿತಲ್ಲ ಅಂತ ಭಯ ಬೇಡ. ಪ್ಲೇಬ್ಯಾಕ್ ಮೆನುವಿನಲ್ಲಿ `Copy` ಇದೆ. ಊಟದ ಹೊತ್ತಿಗೆ ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಕಾಪಿ ಹಾಕಿ, ಪಕ್ಕದಲ್ಲಿಟ್ಟುಕೊಂಡು ಊಟ ಮಾಡಿ. ಸಾವಿರಗಟ್ಟಲೆ ಫ್ರೇಮ್ ಇದ್ದರೆ ಪಾಯಸ ಬರುವವರೆಗೂ ಮುಗಿಯುವುದಿಲ್ಲ, ಬ್ಯಾಟರಿ ತುಂಬಿರಲಿ. ಮದುವೆ ಕೆಲಸಕ್ಕೆ ಹೋದಾಗ ಮಾತ್ರ ತಪ್ಪದೆ `Simult.` ವಾಪಸ್ ಇಡಿ. ಅಲ್ಲಿ ಬಫರ್‌ಗಿಂತ ಬ್ಯಾಕಪ್ ದೊಡ್ಡದು.

ವೇಗವನ್ನು `Hi+` ಬದಲು `Hi` ಇಟ್ಟು ನೋಡಿ ಅಂತಲೂ ಹೇಳುತ್ತೇನೆ. ಸೆಕೆಂಡಿಗೆ 10ರ ಬದಲು 8 ಫ್ರೇಮ್. ಕೋಣಗಳ ಆ ವೇಗಕ್ಕೆ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಒಂದು ಮೀಟರ್ ಇದ್ದದ್ದು ಒಂದೂಕಾಲು ಮೀಟರ್ ಚಿಲ್ಲರೆ ಆಗುತ್ತದೆ, ಅಷ್ಟೇ. ಬಫರ್ ಅದಕ್ಕೆ ತಕ್ಕಂತೆ ಹೆಚ್ಚು ಹೊತ್ತು ಬರುತ್ತದೆ. ಜೊತೆಗೆ `Hi`ಯಲ್ಲಿ ವ್ಯೂಫೈಂಡರ್‌ನಲ್ಲಿ ಲೈವ್ ಚಿತ್ರ ಕಾಣುವುದರಿಂದ ಕೋಣಗಳ ಜೊತೆ ಕ್ಯಾಮೆರಾ ತಿರುಗಿಸುವುದು ಸುಲಭ. ನನಗೆ 8 ಇಷ್ಟ. ನಿಮಗೆ 10ರ ಶಬ್ದವೇ ಇಷ್ಟ ಇದ್ದರೆ ಅದೂ ಸರಿ.

ಕಾರ್ಡ್ ಕೊಳ್ಳುವ ದಿನ ಬಂದಾಗ ಮುಂಭಾಗದ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. 200, 300 ಅಂತ ಬರೆದಿರುವುದು ಹೆಚ್ಚಾಗಿ ಓದುವ ವೇಗ, ಕಂಪ್ಯೂಟರ್‌ಗೆ ಕಾಪಿ ಮಾಡುವಾಗಿನದು. ಬಫರ್‌ಗೆ ಬೇಕಾದದ್ದು ಬರೆಯುವ ವೇಗ. ಅದು ಸಣ್ಣ ಅಕ್ಷರದಲ್ಲಿ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. V ಪಕ್ಕದ ಅಂಕಿ ನೋಡಿ, ಹಿಂದೆ ತಿರುಗಿಸಿ ಎರಡು ಸಾಲು ಪಟ್ಟಿ ಇದೆಯಾ ನೋಡಿ. ನಕಲಿ ಕಾರ್ಡ್‌ಗಳಿಗೆ ಬರವಿಲ್ಲ. ಹೊಸ ಕಾರ್ಡ್ ತಂದ ದಿನವೇ ವಿಂಡೋಸ್‌ನಲ್ಲಿ `H2testw` ಹಾಕಿ ಪೂರ್ತಿ ತುಂಬಿಸಿ ಓದಿಸಿ. ಗಾತ್ರ ಸುಳ್ಳಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ, ಬರೆಯುವ ವೇಗವನ್ನೂ ಅದು ತೋರಿಸುತ್ತದೆ. ಆದರೆ ನಿಮ್ಮ ಕಾರ್ಡ್ ರೀಡರ್ ಯುಎಚ್‌ಎಸ್-1 ಆಗಿದ್ದರೆ ಆ ವೇಗದ ಅಂಕಿ ರೀಡರ್‌ನದು, ಕಾರ್ಡ್‌ನದಲ್ಲ.

V90 ಕೊಳ್ಳಲೇಬೇಕು ಅಂತ ಅನಿಸಿದರೆ ಮೊದಲು ಯಾರದಾದರೂ ಒಂದು ದಿನಕ್ಕೆ ಎರವಲು ತಂದು ಕೆಳಗಿನ ಪರೀಕ್ಷೆ ಮಾಡಿ. ಕಾರ್ಡ್ ಎಷ್ಟೇ ಓಡಿದರೂ ಕ್ಯಾಮೆರಾ ತಾನು ಬರೆಯುವಷ್ಟೇ ಬರೆಯುತ್ತದೆ.

ಕ್ಯಾಮೆರಾ ಟ್ರೈಪಾಡ್ ಮೇಲಿಡಿ. ಫೋಕಸ್ ಮ್ಯಾನ್ಯುಯಲ್, ಶಟರ್ 1/1000. ಎದುರಿಗೆ ಎಲೆ ತುಂಬಿದ ಮರ ಇರಲಿ. ಲೆನ್ಸ್ ಕ್ಯಾಪ್ ಹಾಕಿಕೊಂಡು ಮಾಡಿದರೆ ಜೆಪೆಗ್ ಫೈಲ್ ಪುಟ್ಟದಾಗಿ ಲೆಕ್ಕ ತಪ್ಪುತ್ತದೆ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ, ವೇಗ ಕುಗ್ಗಿದ ಕ್ಷಣದವರೆಗೆ ಒತ್ತಿ, ಬಿಡಿ. ದೀಪ ಆರಿದಾಗ ಸ್ಟಾಪ್‌ವಾಚ್ ನಿಲ್ಲಿಸಿ. ಎಷ್ಟು ಫ್ರೇಮ್ ಬಂತು, ಒಟ್ಟು ಎಷ್ಟು ಎಂಬಿ, ಎಷ್ಟು ಸೆಕೆಂಡ್. ಭಾಗಿಸಿದರೆ ನಿಮ್ಮ ಕ್ಯಾಮೆರಾ ಮತ್ತು ಕಾರ್ಡ್ ಸೇರಿ ಓಡುವ ನಿಜವಾದ ವೇಗ ಸಿಗುತ್ತದೆ. V60, V90 ಎರಡಕ್ಕೂ ಮಾಡಿ, ಅಂಕಿ ಹತ್ತಿರ ಹತ್ತಿರ ಬಂದರೆ ಎರವಲು ಕಾರ್ಡ್ ವಾಪಸ್ ಕೊಟ್ಟು ಕಾಫಿ ಕುಡಿದು ಬನ್ನಿ.

ಈ ಪರೀಕ್ಷೆಯಲ್ಲಿ ಮೊದಲ ಫ್ರೇಮ್‌ನಿಂದಲೇ ವೇಗ ಕಮ್ಮಿ ಇದ್ದರೆ ಅದು ಬಫರ್ ತೊಂದರೆ ಅಲ್ಲ. ಬಫರ್ ಆದರೆ ಮೊದಲು ಚೆನ್ನಾಗಿ ಓಡಿ ಆಮೇಲೆ ಕುಗ್ಗಬೇಕು. ದೀಪದ ಬೆಳಕಿನಲ್ಲಿ ಮೊದಲಿಂದಲೇ ನಿಧಾನ ಅಂದರೆ ಆಂಟಿ-ಫ್ಲಿಕರ್ ಆನ್ ಇದೆಯಾ ನೋಡಿ, ಅದು ದೀಪದ ಮಿಣುಕಿಗೆ ಕಾಯುತ್ತಾ ಫ್ರೇಮ್ ವೇಗ ತಗ್ಗಿಸುತ್ತದೆ. ಕಣದಲ್ಲಿ ಮಾತ್ರ ನಿಧಾನ, ಮರದ ಎದುರು ಸರಿ ಅಂದರೆ ಫೋಕಸ್ ಆದ್ಯತೆ ನೋಡಿ. `AF` ಇಟ್ಟಿದ್ದರೆ ಫೋಕಸ್ ಸಿಗುವವರೆಗೆ ಕ್ಯಾಮೆರಾ ಶಟರ್ ಬಿಡುವುದಿಲ್ಲ. ನೀರಿನ ಪರದೆಯ ಹಿಂದೆ ಕೋಣ ಇರುವಾಗ ಇದು ಜಾಸ್ತಿ ಕಾಡುತ್ತದೆ.

ಕೊನೆಗೆ ಆ ಕೆಂಪು ದೀಪದ ಬಗ್ಗೆ. ಅದು ಉರಿಯುತ್ತಿರುವಾಗ ಕಾರ್ಡ್ ಬಾಗಿಲು ತೆರೆಯಬೇಡಿ, ಬ್ಯಾಟರಿ ಎಳೆಯಬೇಡಿ. ಹಿಂದೆ ಒಂದು ಅಥ್ಲೆಟಿಕ್ ಕೂಟದಲ್ಲಿ ರಿಲೇ ಮುಗಿದ ಕೂಡಲೇ ಬ್ಯಾಟರಿ ಸಾಯುತ್ತಿದೆ ಅಂತ ಗಡಿಬಿಡಿಯಲ್ಲಿ ಬದಲಾಯಿಸಿದೆ. ದೀಪ ನೋಡಲಿಲ್ಲ. ಬೇಟನ್ ಕೈ ಬದಲಾದ ಫೋಟೊಗಳೆಲ್ಲಾ ಕಾರ್ಡ್‌ನಲ್ಲಿದ್ದವು. ಗೆರೆ ದಾಟಿದ್ದು ಮಾತ್ರ ಇನ್ನೂ ಬಫರ್‌ನಲ್ಲಿತ್ತು.